ಕೆ-ಮ್ಯಾಪ್‌ನಲ್ಲಿ ಒಂದು ಗುಂಪೂ ಸಿಗದಿದ್ದಾಗ

`F(A,B,C,D) = Σm(0,2,5,7,8,10,13,15)` ಸರಳ ಮಾಡಬೇಕಿತ್ತು. ನನ್ನ ಮ್ಯಾಪ್ ಚದುರಂಗದ ಹಾಸಿನಂತೆ ಕಾಣುತ್ತಿತ್ತು, ಯಾವ ಎರಡು 1ಗಳೂ ಪಕ್ಕಪಕ್ಕ ಇರಲಿಲ್ಲ. ಹಾಗಾಗಿ ಉತ್ತರದಲ್ಲಿ ನಾಲ್ಕು ನಾಲ್ಕು ಅಕ್ಷರಗಳ ಎಂಟು ಪದಗಳು ಹಾಗೇ ಉಳಿದವು.

ಟ್ರೂತ್ ಟೇಬಲ್ ಮತ್ತೆ ಪರೀಕ್ಷಿಸಿದೆ, ತಪ್ಪಿರಲಿಲ್ಲ. AB, CD ಜಾಗ ಅದಲುಬದಲು ಮಾಡಿದೆ, ಅದೇ ಹಾಸು.

ತಪ್ಪು ಇದ್ದದ್ದು ತಲೆಸಾಲಿನಲ್ಲಿ. ಸುಮ್ನೆ ಎಣಿಕೆಯಂತೆ 00, 01, 10, 11 ಎಂದು ಬರೆದಿದ್ದೆ. 01ರಿಂದ 10ಕ್ಕೆ ಹೋದರೆ ಎರಡು ಬಿಟ್ ಬದಲಾಗುತ್ತವೆ. ಪಕ್ಕದ ಮನೆಗೆ ಒಂದೇ ಬಿಟ್ ಬದಲಾಗಬೇಕು ಅಲ್ವಾ? ಅಡ್ಡಕ್ಕೂ ಉದ್ದಕ್ಕೂ 00, 01, 11, 10 ಎಂದು ಬರೆದು ಮತ್ತೆ ತುಂಬಿದೆ:

```
AB\CD  00 01 11 10
00      1  0  0  1
01      0  1  1  0
11      0  1  1  0
10      1  0  0  1
```

ತುಂಬುವಾಗ ಎಚ್ಚರ: ಮೊದಲ ಸಾಲು 0, 1, 3, 2. ಮೂರನೇ ಸಾಲು 12ರಿಂದ, ಕೊನೆಯದು 8ರಿಂದ ಶುರು.

ನಡುವಿನ ನಾಲ್ಕರಲ್ಲಿ A, C ಬದಲಾಗುತ್ತವೆ, ಅವನ್ನು ಬಿಡಬೇಕು. B, D ಎರಡೂ 1, ಹಾಗಾಗಿ `BD`. ಮೂಲೆಗಳನ್ನು ಮೊದಲು ಎರಡು ಜೋಡಿ ಮಾಡಿ `A'B'D' + AB'D'` ಎಂದು ಬರೆದೆ. ತಪ್ಪಲ್ಲ, ಆದರೆ ಜಾಸ್ತಿ ಉದ್ದ. ಮ್ಯಾಪ್‌ನ ಎಡ ಅಂಚು ಬಲಕ್ಕೂ, ಮೇಲಂಚು ಕೆಳಕ್ಕೂ ಅಂಟಿಕೊಂಡಿದೆ. ಹಾಗಾಗಿ ನಾಲ್ಕು ಮೂಲೆಗಳೂ ಒಂದೇ ಗುಂಪು: `B'D'`.

```
F = BD + B'D'
```