ಕೆದರುವ ಕೂದಲಿಗೆ ಕಂಡಿಷನರ್, ಸೀರಮ್, ಲೀವ್-ಇನ್ ಕ್ರೀಮ್: ಕುಂಬಳೆಯ ಮಳೆಗಾಲದಲ್ಲಿ ನಾನು ನೋಡಿದ್ದು

ಕುಂಬಳೆಯಲ್ಲಿ ಪಾರ್ಲರ್ ಇಟ್ಟಿದ್ದೇನೆ. ಜೂನ್ ಬಂದರೆ ಸಾಕು, ಎಲ್ಲರದ್ದೂ ಒಂದೇ ಮಾತು: "ಅಕ್ಕ, ಕೂದಲು ಪೊದೆಯಾಗಿದೆ, ಸ್ಮೂತನಿಂಗ್ ಮಾಡಿಬಿಡಿ." ಬಾಟಲಿಗಳಲ್ಲೇ ಇದನ್ನು ಹಿಡಿತಕ್ಕೆ ತರಬಹುದು ಎಂದಾಗ ಇಲ್ಲಿನ ಬೇರೆ ಪಾರ್ಲರಿನವರು ನಕ್ಕರು. ಸೀರಮ್ ಒಂದು ಸಾಕು, ಉಳಿದದ್ದು ದುಡ್ಡು ದಂಡ ಎಂದರು. ಈಗ ಅವರೇ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ನಾನು ಮಾಡಿದ್ದು ಇಷ್ಟೇ. ಅಣ್ಣನ ಮಗಳ ಕೂದಲು ದಪ್ಪ, ಅಲೆಅಲೆ, ತುದಿಗೆ ಬಣ್ಣ ಬೇರೆ ಹಾಕಿಸಿದ್ದಳು. ಒಂದೇ ಶಾಂಪೂವಿನಲ್ಲಿ ತೊಳೆದು ತಲೆಯನ್ನು ಮೂರು ಭಾಗ ಮಾಡಿದೆ. ಎಡಕ್ಕೆ ಕಂಡಿಷನರ್ ಮಾತ್ರ, ಬಲಕ್ಕೆ ಸೀರಮ್ ಮಾತ್ರ, ಹಿಂದೆ ಕ್ರೀಮ್ ಮಾತ್ರ. ಬೇರೆ ಬೇರೆ ತಲೆಗಳಲ್ಲಿ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಎಡಭಾಗದಲ್ಲಿ ಒದ್ದೆಯಿದ್ದಾಗಲೇ ಬಾಚಣಿಗೆ ಸರಾಗವಾಗಿ ಇಳಿಯಿತು. ಹಾಳಾದ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ. ಕಂಡಿಷನರ್‌ನ ಧನ ಅಂಶ ಅಲ್ಲಿಗೇ ಹೋಗಿ ಅಂಟುತ್ತದೆ. ಹಾಗಾಗಿ ಸಿಕ್ಕು, ಉಜ್ಜಾಟ, ತುಂಡಾಗುವುದು ಕಡಿಮೆ. ಆದರೆ ಹೆಚ್ಚಿನದು ನೀರಿನಲ್ಲಿ ತೊಳೆದುಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿಗೆ ಮೆತ್ತಗೇ ಇತ್ತು, ಆದರೂ ಉಬ್ಬಿತ್ತು.

ಸೀರಮ್ಮಿನದ್ದೇ ದೊಡ್ಡ ಕಥೆ. ಒಣ ಕೂದಲಿಗೆ ಹಚ್ಚಿದಾಗ ಪೊದೆ ಪೊದೆಯಾಗಿಯೇ ಇತ್ತು, ಮಿಂಚುವ ಪೊದೆಯಾಯಿತು ಅಷ್ಟೆ. ಅದು ಸಿಲಿಕೋನ್. ಕೂದಲಿಗೆ ತೇವ ಕೊಡುವುದಿಲ್ಲ, ಆಕಾರ ಹಿಡಿಯುವುದೂ ಇಲ್ಲ. ಹೊರಗಿನ ತೇವ ಒಳಹೋಗುವುದನ್ನು ನಿಧಾನ ಮಾಡುತ್ತದೆ. ಆಗಲೇ ತೇವ ಕುಡಿದು ಕೆದರಿದ ಕೂದಲಿಗೆ ಹಚ್ಚಿ ಏನು ಪ್ರಯೋಜನ? ಪಾರ್ಲರಿಗೆಂದು ತಂದ ದೊಡ್ಡ ಬಾಟಲಿಗೆ ಸಾವಿರದ ಮೇಲೆ ಆಗಿತ್ತು. ಲೇಬಲ್ಲಿನಲ್ಲಿ ಮೊದಲ ಹೆಸರೇ ಸೈಕ್ಲೋಪೆಂಟಾಸಿಲೋಕ್ಸೇನ್, ಅಂದರೆ ಆರಿಹೋಗುವ ಸಿಲಿಕೋನ್. ಕೂದಲಲ್ಲಿ ಉಳಿಯುವುದು ಅದರ ನಂತರ ಬರುವ ಡೈಮೆಥಿಕೋನ್, ಡೈಮೆಥಿಕೋನಾಲ್.

ಹಿಂಭಾಗದ ಕ್ರೀಮ್ ಅಲೆಗಳನ್ನು ಗೊಂಚಲಾಗಿ ಹಿಡಿದಿಟ್ಟಿತು. ಕೂದಲು ಒಣಗುವಾಗ ಯಾವ ಆಕಾರದಲ್ಲಿರುತ್ತದೋ ಅದರಲ್ಲೇ ನಿಲ್ಲುತ್ತದೆ, ಆ ಹೊತ್ತಿಗೆ ಎಳೆಗಳನ್ನು ಜೊತೆಗಿಡುವುದೇ ಇದರ ಕೆಲಸ. ಆದರೆ ಮೊದಲು ತಂದ ಕ್ರೀಮಿನಲ್ಲಿ ನೀರು ಬಿಟ್ಟರೆ ಗ್ಲಿಸರಿನ್ನೇ ಜಾಸ್ತಿ. ಡಿಸೆಂಬರಿನಲ್ಲಿ ಚೆನ್ನಾಗಿತ್ತು. ಜೂನಿನಲ್ಲಿ ಗಾಳಿಯ ತೇವವನ್ನೆಲ್ಲ ಎಳೆದುಕೊಂಡು ಅಂಟಂಟಾಗಿ ಊದಿತು. ಮಳೆಗಾಲಕ್ಕೆ ಗ್ಲಿಸರಿನ್ ಪಟ್ಟಿಯ ಕೆಳಗಿರುವುದನ್ನೇ ತೆಗೆದುಕೊಳ್ಳಿ.

ಕೊನೆಗೆ ಗೆದ್ದದ್ದು ಮೂರೂ ಸೇರಿ, ಅದೂ ಸರಿಯಾದ ಕ್ರಮದಲ್ಲಿ. ಕಂಡಿಷನರ್ ಕಿವಿಯಿಂದ ಕೆಳಗೆ, ಎರಡು ಮೂರು ನಿಮಿಷ, ಅದರಲ್ಲೇ ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ ತೊಳೆಯುವುದು. ನೀರು ತೊಟ್ಟಿಕ್ಕುತ್ತಿರುವಾಗಲೇ ಕ್ರೀಮ್, ಬೆನ್ನ ನಡುವಿನವರೆಗಿನ ಕೂದಲಿಗೆ ಒಂದು ಟೀ ಚಮಚದಷ್ಟು. ತೆಳು ಹತ್ತಿ ಬೈರಾಸಿನಲ್ಲಿ ಹಿಂಡಬೇಕು, ಉಜ್ಜಬಾರದು. ಆಮೇಲೆ ಮೂರು ನಾಲ್ಕು ಹನಿ ಸೀರಮ್, ಬರೀ ಮೇಲ್ಪದರಕ್ಕೆ ಮತ್ತು ತುದಿಗೆ. ಸೀರಮ್ ಮೊದಲು ಹಚ್ಚಿದರೆ ಕ್ರೀಮ್ ಕೂದಲಿಗೆ ಹಿಡಿಯದೆ ಬೆಳ್ಳಗೆ ಮೇಲೇ ಕೂರುತ್ತದೆ. ಪೂರ್ತಿ ಒಣಗುವವರೆಗೆ ಕೈ ಹಾಕಬೇಡಿ. ಅರ್ಧ ಒಣಗಿದಾಗ ಬಾಚಿದರೆ ಎಲ್ಲ ಮಣ್ಣುಪಾಲು. ಕ್ರೀಮಿಗೆ ನಾನು ಇನ್ನೊಂದು ಸೇರಿಸುತ್ತೇನೆ, ಅದನ್ನು ಹೇಳುವುದಿಲ್ಲ. ಪಾರ್ಲರ್ ನಡೆಯಬೇಕಲ್ವಾ?

ಅಣ್ಣನ ಮಗಳು ಹಾಗೆಯೇ ಕಾಸರಗೋಡಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಂದಳು. ನೆತ್ತಿಯ ಹತ್ತಿರ ಸ್ವಲ್ಪ ಎದ್ದಿತ್ತು, ಕೆಳಗಿನ ಅಲೆ ಬಿಟ್ಟಿರಲಿಲ್ಲ. ಖರ್ಚು ತಿಂಗಳಿಗೆ ಇನ್ನೂರರ ಆಸುಪಾಸು. ಸ್ಮೂತನಿಂಗ್ ಆಗಿದ್ದರೆ ಒಂದು ಸಲಕ್ಕೇ ನಾಲ್ಕೈದು ಸಾವಿರ, ಬುಡದಿಂದ ಹೊಸ ಕೂದಲು ಬಂದಾಗ ಮತ್ತೆ ಅಷ್ಟೇ.

ಸುಮ್ನೆ ಕುತೂಹಲಕ್ಕೆ ಮಾಡಿ ನೋಡಿದ್ದೂ ಇದೆ. ಸೀರಮ್ ಬದಲು ತೆಂಗಿನೆಣ್ಣೆ ಹಚ್ಚಿದರೆ ಕ್ರೀಮಿನ ಮೇಲೆ ಜಿಡ್ಡಾಯಿತು. ಅದೇ ಎಣ್ಣೆಯನ್ನು ಸ್ನಾನಕ್ಕೆ ಮೊದಲು ಹಚ್ಚಿದರೆ ಒಳ್ಳೆಯದು, ಅದು ಕೂದಲಿನ ಒಳಗೇ ಇಳಿಯುತ್ತದೆ. ಇನ್ನೊಂದು, ನಮ್ಮ ಗಡಸು ಬೋರ್ ನೀರಿನ ಬದಲು ಹಂಚಿನ ಮಾಡಿನಿಂದ ಹಿಡಿದ ಮಳೆನೀರಿನಲ್ಲಿ ಕೊನೆಯ ಸಲ ತೊಳೆದೆ. ಕಂಡಿಷನರ್ ಅರ್ಧ ಸಾಕಾಯಿತು.

ಸೀರಮ್ ದಿನ ಹೋದಂತೆ ಪದರವಾಗಿ ಕೂರುತ್ತದೆ. ಬುಡ ಜೋತುಬಿದ್ದು, ಒದ್ದೆಯಲ್ಲೂ ಕೂದಲು ಮೇಣ ಹಚ್ಚಿದಂತೆ ಅನ್ನಿಸಿದರೆ ಅದೇ ಗುರುತು. ನಾಲ್ಕೈದು ಸ್ನಾನಕ್ಕೊಮ್ಮೆ ಕ್ಲಾರಿಫೈಯಿಂಗ್ ಶಾಂಪೂ ಹಾಕಿ. ತೀರಾ ತೆಳು ಕೂದಲಿನವರು ಕ್ರೀಮ್ ಬಿಡಿ, ಕಂಡಿಷನರ್ ಮತ್ತು ಎರಡು ಹನಿ ಸೀರಮ್ ಸಾಕು. ಬಿಗಿ ಜಡೆಯಿಂದ ತುಂಡಾಗಿ ಬೈತಲೆಯ ಪಕ್ಕ ನಿಂತ ಗಿಡ್ಡ ಕೂದಲಿಗೆ ಮಾತ್ರ ಈ ಮೂರರಲ್ಲಿ ಯಾವುದೂ ಮದ್ದಲ್ಲ, ಅದು ಬೆಳೆಯಬೇಕು.