ತೋಟದ ಮನೆಯನ್ನು ವಾರಾಂತ್ಯಕ್ಕೆ ಬಾಡಿಗೆಗೆ ಕೊಡುವ ಮುನ್ನ: ನೀರಿನ ಲೆಕ್ಕ

ತೋಟದ ಮನೆಯನ್ನು ವಾರಾಂತ್ಯದ ಬಾಡಿಗೆಗೆ ಇಡುವಾಗ ಎಲ್ಲರೂ ಮೊದಲು ಫೋಟೋ ತೆಗೆಸುತ್ತಾರೆ. ನಾನು ಮೊದಲು ನೀರು ಅಳೆಯುತ್ತೇನೆ. ನಾಲ್ಕು ಡಬಲ್ ಮಂಚ ಇವೆಯೆಂದು ‘ಎಂಟು ಜನರಿಗೆ ಜಾಗ’ ಎಂದು ಬರೆದುಬಿಡುವುದು ಸುಲಭ. ಆ ಎಂಟು ಜನ ಬೆಳಗ್ಗೆ ಒಟ್ಟಿಗೆ ಸ್ನಾನಕ್ಕೆ ಹೊರಟಾಗ ಟ್ಯಾಂಕು, ಗೀಸರು, ಇಂಗುಗುಂಡಿ ಮೂರೂ ತಾಳಬೇಕಲ್ಲ.

ಒಬ್ಬರಿಗೆ ದಿನಕ್ಕೆ 150 ಲೀಟರ್ ಎಂದು ಹಿಡಿಯುತ್ತೇನೆ. ಎಂಟು ಜನಕ್ಕೆ 1200. ಶುಕ್ರವಾರ ಸಂಜೆ ಬಂದು ಭಾನುವಾರ ಬೆಳಗ್ಗೆ 11ಕ್ಕೆ ಹೊರಡುವವರಿಗೆ ಎರಡು ದಿನದ ನೀರು ಬೇಕು, ಅಂದರೆ 2400 ಲೀಟರ್. ಮೇಲೆ 1000 ಲೀಟರಿನ ಟ್ಯಾಂಕ್ ಒಂದೇ ಇದ್ದು ಕರೆಂಟ್ ಹೋದರೆ ಶನಿವಾರ ಮಧ್ಯಾಹ್ನದ ಹೊತ್ತಿಗೆ ನಲ್ಲಿ ಬತ್ತುತ್ತದೆ. ಮನೆಯ ಇನ್ವರ್ಟರ್ ದೀಪ, ಫ್ಯಾನ್, ವೈಫೈ ನಡೆಸೀತು. ಮೋಟರನ್ನೂ ಗೀಸರನ್ನೂ ಎಳೆಯುವುದಿಲ್ಲ. ಹಾಗಾಗಿ ಮೇಲೆ ತುಂಬಿಟ್ಟ ನೀರೇ ನಿಜವಾದ ಬ್ಯಾಕಪ್. ಮೇಲೆ 2000, ಕೆಳಗಿನ ಸಂಪಿನಲ್ಲಿ 5000 ಲೀಟರ್ ಇದ್ದರೆ ನಿಶ್ಚಿಂತೆ. ಸಂಪಿನ ಮುಚ್ಚಳಕ್ಕೆ ಬೀಗ ಬೇಕೇ ಬೇಕು. ತೋಟ ಕಂಡ ಮಕ್ಕಳು ಎಲ್ಲ ಮುಚ್ಚಳವನ್ನೂ ಎತ್ತಿ ನೋಡುತ್ತಾರೆ.

ನೀರು ಹೆಚ್ಚು ಸೋರಿಹೋಗುವುದು ಶವರಿನಲ್ಲಿ. 10 ಲೀಟರಿನ ಬಕೆಟ್ ಕೆಳಗಿಟ್ಟು ಪೂರ್ತಿ ತಿರುಗಿಸಿ ನೋಡಿ. 75 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 8 ಲೀಟರ್, ಅಷ್ಟು ಸಾಕು. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 15. ಹತ್ತು ನಿಮಿಷದ ಒಂದು ಸ್ನಾನ ಇಡೀ ದಿನದ ಪಾಲನ್ನು ನುಂಗಿತು. ಅಗಲವಾದ ಶವರ್ ಫೋಟೋದಲ್ಲಿ ಚೆಂದ, ತೋಟದ ಮನೆಗೆ ಅಲ್ಲ. ‘ಬಿಸಿನೀರು ಬರುವುದಿಲ್ಲ’ ಎಂಬ ದೂರೂ ಬಹುತೇಕ ಕೆಟ್ಟ ಗೀಸರಿನದಲ್ಲ. 25 ಲೀಟರಿನ, 2 ಕಿಲೋವಾಟ್ ಗೀಸರ್ ತಣ್ಣೀರನ್ನು 60 ಡಿಗ್ರಿಗೆ ತರಲು ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ‘ಇಬ್ಬರ ಸ್ನಾನ ಆದಮೇಲೆ ಅರ್ಧ ಗಂಟೆ ಬಿಡಿ’ ಎಂದು ಬಾಗಿಲ ಹಿಂದೆ ಬರೆದಿಟ್ಟರೆ ಆ ಫೋನ್ ಕರೆ ನಿಲ್ಲುತ್ತದೆ.

ಇನ್ನು ಮೋರಿಯ ವಾಸನೆ. ಇದಕ್ಕೆ ಫಿನಾಯಿಲ್ ಸುರಿಯುವವರೇ ಹೆಚ್ಚು. ಕಾರಣ ಬೇರೆ: ಬಚ್ಚಲಿನ ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ಸದಾ ಸ್ವಲ್ಪ ನೀರು ನಿಂತು ಪೈಪಿನ ಗಾಳಿಯನ್ನು ತಡೆಯುತ್ತದೆ. ಮನೆ ಮುಚ್ಚಿದ್ದಾಗ, ಅದರಲ್ಲೂ ಬೇಸಿಗೆಯಲ್ಲಿ, ಆ ನೀರು ಆರಿ ವಾಸನೆಯೂ ಜಿರಲೆಯೂ ಮೇಲೆ ಬರುತ್ತವೆ. ಪ್ರತಿ ಜಾಲರಿಗೂ ಎರಡು ಚೊಂಬು ನೀರು ಹಾಕಿ ಒಂದು ಗಂಟೆ ಬಿಡಿ. ವಾಸನೆ ಹೋದರೆ ಟ್ರ್ಯಾಪ್ ಒಣಗಿತ್ತು ಎಂದರ್ಥ. ಹೋಗದಿದ್ದರೆ ಪ್ಲಂಬರ್ ಬರಬೇಕು.

ಮನೆ ನೋಡಿಕೊಳ್ಳುವವರಿಗೆ ‘ಎಲ್ಲ ಸರಿಯಾಗಿ ನೋಡ್ಕೊಳ್ಳಿ’ ಎಂದರೆ ಏನೂ ಹೇಳಿದಂತಲ್ಲ. ನಮ್ಮ ಪಟ್ಟಿಯಲ್ಲಿ ಬುಧವಾರಕ್ಕೆ ಎರಡೇ ಕೆಲಸ: ಎಲ್ಲ ಜಾಲರಿಗೂ ನೀರು, ಎಲ್ಲ ನಲ್ಲಿಯನ್ನೂ ಎರಡು ನಿಮಿಷ ಬಿಟ್ಟು ಪೈಪಿನ ಹಳೇ ನೀರು ಹೊರಗೆ. ಶುಕ್ರವಾರ ಮಧ್ಯಾಹ್ನ ಟ್ಯಾಂಕಿನ ಒಳಗಿನ ಮಟ್ಟದ ಫೋಟೋ ಕಳಿಸಬೇಕು. ಮೋಟರ್ ಸ್ವಿಚ್ಚಿನ ಫೋಟೋ ಬೇಡ. ಮೋಟರ್ ಓಡುತ್ತಿದ್ದರೂ ಫುಟ್‌ವಾಲ್ವ್ ಸೋರಿ ನೀರು ಏರದೇ ಇರಬಹುದು. ಅತಿಥಿಗಳು ಇರುವಾಗ ಕೇರ್‌ಟೇಕರ್ ಅಂಗಳದಲ್ಲೇ ಸುಳಿದಾಡಬಾರದು, ಕರೆದರೆ ಹತ್ತು ನಿಮಿಷದಲ್ಲಿ ಬರುವಷ್ಟು ಹತ್ತಿರ ಇರಬೇಕು. ಅತಿಥಿಗಳ ಜೊತೆ ದುಡ್ಡಿನ ಮಾತು ಮಾತ್ರ ಅವರದ್ದಲ್ಲ. ಹೆಚ್ಚು ಜನ ಬಂದರೆ ಮಾಲೀಕರಿಗೆ ಫೋನ್ ಮಾಡುವುದಷ್ಟೇ ಅವರ ಕೆಲಸ, ಜಗಳ ನಮ್ಮ ಪಾಲಿಗಿರಲಿ.

ಮನೆಯ ನಿಯಮಗಳೂ ಇದೇ ಲೆಕ್ಕದಿಂದ ಹುಟ್ಟಬೇಕು. ‘ಎಂಟು ಜನ, ಮಕ್ಕಳೂ ಸೇರಿ, ಹಗಲು ಬಂದು ಹೋಗುವವರೂ ಸೇರಿ’ ಎಂದು ಲಿಸ್ಟಿಂಗಿನಲ್ಲೇ ಬರೆಯಿರಿ. ಶನಿವಾರದ ಹುಟ್ಟುಹಬ್ಬಕ್ಕೆ ಬರುವ ಹದಿನೈದು ನೆಂಟರು ಮಂಚ ಕೇಳುವುದಿಲ್ಲ, ಕಮೋಡ್ ಬಳಸುತ್ತಾರೆ. ಒದ್ದೆ ವೈಪ್ಸ್, ಡೈಪರ್, ಪ್ಯಾಡ್ ಕಮೋಡಿಗೆ ಹಾಕಬಾರದು ಎಂಬ ನಿಯಮ ಪ್ರತಿ ಬಚ್ಚಲಿನಲ್ಲಿ ಮುಚ್ಚಳದ ಬುಟ್ಟಿ, ಒಳಗೆ ಕವರ್ ಇದ್ದರೆ ಮಾತ್ರ ನಡೆಯುತ್ತದೆ. ಬುಟ್ಟಿ ಇಲ್ಲದ ಕಡೆ ಬೋರ್ಡು ಓದಿಯೂ ಒಳಗೇ ಹಾಕುತ್ತಾರೆ, ಬೇರೆಲ್ಲಿ ಹಾಕಬೇಕು ಪಾಪ. ಪೊಟ್ಟಣದ ಮೇಲೆ ‘ಫ್ಲಶ್ ಮಾಡಬಹುದು’ ಎಂದಿದ್ದರೂ ವೈಪ್ಸ್ ಸೆಪ್ಟಿಕ್ ಟ್ಯಾಂಕಿನಲ್ಲಿ ಟಿಶ್ಯೂನಂತೆ ಕರಗುವುದಿಲ್ಲ. ಒಂದೇ ಬಚ್ಚಲಿನಲ್ಲಿ ಫ್ಲಶ್ ಮಾಡಿದಾಗ ನೀರು ಮೇಲೇರಿ ನಿಧಾನಕ್ಕೆ ಇಳಿಯುತ್ತಿದ್ದರೆ ಆ ಬಚ್ಚಲಿನ ಪೈಪಿನಲ್ಲೇ ಅಡ್ಡಿ. ಎಲ್ಲ ಬಚ್ಚಲೂ ಒಟ್ಟಿಗೆ ಹಾಗಾದರೆ ಬಹುತೇಕ ಸೆಪ್ಟಿಕ್ ಟ್ಯಾಂಕ್ ತುಂಬಿದೆ, ಇಲ್ಲವೇ ಇಂಗುಗುಂಡಿ ನೀರು ಹೀರುತ್ತಿಲ್ಲ. ಮಳೆಗಾಲದಲ್ಲಿ ನೆಲ ಮೊದಲೇ ನೆನೆದಿರುವುದರಿಂದ ಈ ಎರಡನೆಯದು ಹೆಚ್ಚು. ಆ ತಿಂಗಳುಗಳಲ್ಲಿ ಲಿಸ್ಟಿಂಗಿನಲ್ಲಿ ಎಂಟನ್ನು ಆರಕ್ಕೆ ಇಳಿಸುತ್ತೇನೆ, ಭಾನುವಾರ ಒಂದು ತಂಡ ಹೊರಟ ದಿನವೇ ಇನ್ನೊಂದು ತಂಡಕ್ಕೆ ಬುಕಿಂಗ್ ತೆರೆಯುವುದಿಲ್ಲ.