ಪದ ಬದಲಿಸಿ ಸಿಕ್ಕಿಬಿದ್ದ ಪ್ರಾಜೆಕ್ಟ್

ಪುಣೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿರುವವರು ಇದನ್ನು ಓದಿ. ಕೋಥ್ರೂಡ್‌ನಲ್ಲಿರುವ ನಮ್ಮ ಅಕ್ಕನ ಮಗ ಒಂದು ಪೇಪರ್‌ನಿಂದ ಎತ್ತಿದ ಪ್ರಾಜೆಕ್ಟ್ ರಿಪೋರ್ಟನ್ನು, ಪದ ಬದಲಿಸಿಕೊಡುವ ಪ್ಯಾರಾಫ್ರೇಸ್ ಟೂಲ್‌ಗೆ ಹಾಕಿ ತಂದಿದ್ದ. ‘ರ‍್ಯಾಂಡಮ್ ಫಾರೆಸ್ಟ್’ ಅನ್ನೋದು ಕಂಪ್ಯೂಟರ್ ಲೆಕ್ಕದ ಒಂದು ವಿಧಾನದ ಹೆಸರು. ಟೂಲ್ ಅದನ್ನು ‘ಇರ‍್ರೆಗ್ಯುಲರ್ ವುಡ್‌ಲ್ಯಾಂಡ್’ ಮಾಡಿತ್ತು. ಅಡ್ಡಾದಿಡ್ಡಿ ಕಾಡು! ನಗು ತಡೆಯೋಕೆ ಆಗಲಿಲ್ಲ.

ಇಂಥವಕ್ಕೆ 2021ರಲ್ಲೇ ಸಂಶೋಧಕರು ‘ಟಾರ್ಚರ್ಡ್ ಫ್ರೇಸಸ್’ ಅಂತ ಹೆಸರಿಟ್ಟಿದ್ದಾರೆ. ಅವುಗಳ ಪಟ್ಟಿ ಹಿಡಿದೇ ಅನುಮಾನದ ಲೇಖನಗಳನ್ನು ಹುಡುಕುತ್ತಾರೆ. ಮರೆಮಾಚಲು ಹಾಕಿದ ಪದವೇ ಸಾಕ್ಷಿ ಆಗುತ್ತದೆ.

ನಗು ಬಾರದ ತಪ್ಪು ಇನ್ನೊಂದಿತ್ತು. ‘ಸಿಗ್ನಿಫಿಕೆಂಟ್’ ಇದ್ದಲ್ಲಿ ‘ಇಂಪಾರ್ಟೆಂಟ್’ ಬಂದಿತ್ತು. ಸ್ಟಾಟಿಸ್ಟಿಕ್ಸ್‌ನಲ್ಲಿ ಮೊದಲನೆಯದಕ್ಕೆ, ಈ ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಬಂದದ್ದು ಅನ್ನೋದು ಕಷ್ಟ ಅಂತಷ್ಟೇ ಅರ್ಥ. ವ್ಯತ್ಯಾಸ ಮುಖ್ಯವಾದದ್ದು ಅಂತಲ್ಲ. ಒಂದು ಪದಕ್ಕೆ ತೀರ್ಮಾನವೇ ಬದಲಾಯಿತು.

ನಕಲು ಹಿಡಿಯುವ ಈಗಿನ ಹಲವು ಡಿಟೆಕ್ಟರ್‌ಗಳು ಬಿಡಿ ಪದಗಳನ್ನಷ್ಟೇ ಅಲ್ಲ, ಇಡೀ ಬರಹದ ಓಟವನ್ನೂ ನೋಡುತ್ತವೆ. ಪದ ಬದಲಾದರೂ ವಾಕ್ಯಗಳ ಕಟ್ಟು, ವಿಷಯದ ಸಾಲು ಹಾಗೇ ಉಳಿಯುತ್ತದಲ್ವಾ? ಹಾಗಂತ ಅವು ತಪ್ಪೇ ಮಾಡಲ್ಲ ಅಂತಲ್ಲ. ಸ್ವಂತ ಬರಹವನ್ನೂ ಕೆಲವೊಮ್ಮೆ ಹಿಡಿಯುತ್ತವೆ. ಅದಕ್ಕೇ ಹಳೆಯ ಡ್ರಾಫ್ಟ್‌ಗಳನ್ನು ಅಳಿಸಬೇಡಿ.

ಅವನಿಗೆ ಮೂಲ ಪೇಪರ್ ಮುಚ್ಚಿಸಿ, ಕನ್ನಡದಲ್ಲೇ ನನಗೆ ವಿವರಿಸು ಅಂದೆ. ಹೇಳಿದ್ದನ್ನೇ ಇಂಗ್ಲಿಷಿನಲ್ಲಿ ಬರೆದ. ವಿಧಾನದ ಹೆಸರು ಮುಟ್ಟಲಿಲ್ಲ, ಮೂಲ ಯಾವುದೆಂದು ನಮೂದಿಸಿದ. ಎರಡು ಸಂಜೆ ಹಿಡಿಯಿತು.